ಮಹಾಸಭೆಯ ನೋಟಿಸಲ್ಲಿ ಕಾರ್ಯಸೂಚಿ, ಕೋರಂ ಬರೆಯೋದು ಹೇಗೆ?

"ನಮ್ಮ ಅಪಾರ್ಟ್‌ಮೆಂಟ್ ಸಂಘದ ಮಹಾಸಭೆಗೆ ನೋಟಿಸ್ ಬರೀಬೇಕು. ಕಾರ್ಯಸೂಚಿ, ಕೋರಂ ಬಗ್ಗೆ ಆಮೇಲೆ ಯಾರೂ ತಕರಾರು ತೆಗೀಬಾರದು. ಹೇಗೆ ಬರೆಯಲಿ?"

ನಾನು ಕಾರ್ಯದರ್ಶಿಯಾಗಿದ್ದಾಗ ನಮ್ಮ 84 ಮನೆಗಳ ಸಂಘದಲ್ಲಿ ಈ ಎರಡೂ ವಿಷಯಕ್ಕೆ ಸಭೆ ಕೆಟ್ಟಿತ್ತು. ನಾನೇ ಬರೆದ ನೋಟಿಸಲ್ಲಿ "ಕಟ್ಟಡದ ಬಣ್ಣದ ವಿಚಾರ" ಅಂತಷ್ಟೇ ಇತ್ತು. ಯಾವ ಬಣ್ಣ ಅಂತ ಕೇಳ್ತಾರೇನೋ ಅಂದುಕೊಂಡು ಎಷ್ಟೋ ಜನ ಬರಲೇ ಇಲ್ಲ. ಸಭೆಯಲ್ಲಿ ಮನೆಗೆ 20,000 ರೂಪಾಯಿ ವಸೂಲಿ ಅಂತ ಠರಾವಾಯಿತು. ಬಾರದವರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾಗಿಯೇ ಇತ್ತು.

ಹಾಗಾಗಿ ವಿಷಯದ ಹೆಸರು ಬರೆದು ಬಿಡಬೇಡಿ, ಯಾವ ತೀರ್ಮಾನಕ್ಕೆ ಮತ ಕೇಳುತ್ತೀರೋ ಅದನ್ನೇ ಬರೆಯಿರಿ. ಎರಡನೇ ಸಲ ನಾವು ಬರೆದದ್ದು ಹೀಗೆ:

"ವಿಷಯ 3: ಹೊರಗೋಡೆಗೆ ಬಣ್ಣ ಹೊಡೆಸಲು 16,80,000 ರೂಪಾಯಿ ವೆಚ್ಚಕ್ಕೆ ಒಪ್ಪಿಗೆ ಕೊಡುವುದು. ಇದಕ್ಕಾಗಿ ಪ್ರತಿ ಮನೆಯಿಂದ 20,000 ರೂಪಾಯಿಯನ್ನು ಎರಡು ಕಂತಿನಲ್ಲಿ ವಸೂಲಿ ಮಾಡುವ ಬಗ್ಗೆ ಮತಕ್ಕೆ ಹಾಕುವುದು. ಕೊಟೇಶನ್‌ಗಳ ಪ್ರತಿ ಲಗತ್ತಿಸಿದೆ."

ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ" ಇರಲಿ, ಆದರೆ ಜೊತೆಗೆ "ಇದರಡಿ ಚರ್ಚೆ ಮಾತ್ರ, ಹಣದ ತೀರ್ಮಾನವಿಲ್ಲ" ಅಂತ ಸೇರಿಸಿ. ದುಡ್ಡಿನ ವಿಷಯ ನುಸುಳುವುದು ಜಾಸ್ತಿ ಅಲ್ಲೇ.

ಇನ್ನು ಕೋರಂ. ಮೊದಲು ನಿಮ್ಮ ಬೈಲಾ ತೆಗೆದು ನೋಡಿ. ಕೆಲವು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ, ಕೆಲವು 1972ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ, ಇನ್ನು ಕೆಲವು ಸಹಕಾರ ಸಂಘಗಳು. ಪಕ್ಕದ ಅಪಾರ್ಟ್‌ಮೆಂಟಿನ ನೋಟಿಸನ್ನು ಸುಮ್ನೆ ನಕಲು ಮಾಡಿದರೆ ನಿಮ್ಮ ಬೈಲಾಗೆ ಹೊಂದದೇ ಹೋಗಬಹುದು.

ನಮ್ಮ ಬೈಲಾದಲ್ಲಿ ಕೋರಂ ಮೂರನೇ ಒಂದು ಭಾಗ, ಅಂದರೆ 28 ಮನೆ. ಆ ಮೊದಲ ಸಭೆಯ ಹಾಜರಿ ಪುಸ್ತಕದಲ್ಲಿ 31 ಸಹಿ ಇದ್ದವು. ಆಮೇಲೆ ಮನೆ ನಂಬರ್ ಪ್ರಕಾರ ಎಣಿಸಿದರೆ ಬರೀ 24 ಮನೆ! ಏಳು ಮನೆಗಳಿಂದ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದ್ದರು. ಠರಾವು ಬಿದ್ದುಹೋಯಿತು. ಅದಕ್ಕೇ "ಮೂರನೇ ಒಂದು ಭಾಗ" ಅಂತ ಬಿಟ್ಟುಬಿಡದೆ ಸಂಖ್ಯೆಯನ್ನೇ ಹಾಕಿದೆವು:

"ಕೋರಂ: ಒಟ್ಟು 84 ಮನೆಗಳಲ್ಲಿ 28 (ಬೈಲಾ ಪ್ರಕಾರ). ಒಂದು ಮನೆಯಿಂದ ಎಷ್ಟು ಜನ ಬಂದರೂ ಲೆಕ್ಕ ಒಂದೇ. ಬೆಳಿಗ್ಗೆ 10.30ಕ್ಕೆ ಕೋರಂ ಆಗದಿದ್ದರೆ ಸಭೆ ಮುಂದೂಡಿ, ಅದೇ ದಿನ 11.00ಕ್ಕೆ ಅದೇ ಜಾಗದಲ್ಲಿ ನಡೆಯುತ್ತದೆ. ಆಗ ಹಾಜರಿದ್ದವರೇ ಕೋರಂ. ಈ ಕಾರ್ಯಸೂಚಿ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದಿಲ್ಲ."

ಅದೇ ದಿನ ಮತ್ತೆ ಸೇರುವ ಮಾತನ್ನು ಬೈಲಾ ಒಪ್ಪಿದರೆ ಮಾತ್ರ ಬರೆಯಿರಿ. ಕೆಲವು ಬೈಲಾಗಳಲ್ಲಿ ಬೇರೆ ದಿನ ಇಡಬೇಕು ಅಂತಿರುತ್ತದೆ. ಪ್ರಾಕ್ಸಿಯನ್ನು ಕೋರಂಗೆ ಎಣಿಸುತ್ತೀರಾ, ಮೆಂಟೇನೆನ್ಸ್ ಬಾಕಿ ಇದ್ದವರಿಗೆ ಮತ ಇದೆಯಾ ಅನ್ನೋದನ್ನೂ ಬೈಲಾ ನೋಡಿ ಒಂದೊಂದು ಸಾಲಲ್ಲಿ ಹಾಕಿಬಿಡಿ. ಬಾಗಿಲಲ್ಲಿ ಜಗಳ ಹತ್ತುವುದು ಈ ಎರಡಕ್ಕೇ ಅಲ್ವಾ?