ಹೊಸ ತೆರಿಗೆ ಪದ್ಧತಿಯೋ ಹಳೆಯದೋ?

"ಸಂಬಳ 15 ಲಕ್ಷ. ನಾವೇ ವಾಸವಿರುವ ಮನೆಯ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ, 25 ಸಾವಿರ ಆರೋಗ್ಯ ವಿಮೆ, ಎಲ್‌ಐಸಿಯೂ ಇದೆ. 2025-26ಕ್ಕೆ ಯಾವುದು ಲಾಭ?"

ಹೊಸದೇ, ಸರ್. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಸೆಸ್ ಸೇರಿ ತೆರಿಗೆ 97,500. ಹಳೆಯದರಲ್ಲಿ 50,000, ಬಡ್ಡಿಯ 2 ಲಕ್ಷ, 80ಸಿಯ 1.5 ಲಕ್ಷ, ವಿಮೆಯ 25,000 ಎಲ್ಲ ಕಳೆದರೂ 1,40,400 ಬರುತ್ತದೆ. ಹೆಚ್ಚಿನವರು ಎಡವುವುದು 80ಸಿಯಲ್ಲಿ: ಸಾಲದ ಅಸಲು, ಎಲ್‌ಐಸಿ, ಪಿಎಫ್ ಮೂರೂ ಸೇರಿಯೇ ಒಂದೂವರೆ ಲಕ್ಷ, ಬೇರೆಬೇರೆ ಅಲ್ಲ.

ಹಳೆಯದು ಗೆಲ್ಲಬೇಕಾದರೆ ಇನ್ನೂ ಸುಮಾರು 1.69 ಲಕ್ಷ ವಿನಾಯಿತಿ ಬೇಕು. ಸ್ವಂತ ಮನೆಯಲ್ಲೇ ಇರುವ ನಿಮಗೆ ಎಚ್‌ಆರ್‌ಎ ಸಿಗದು, ಹಾಗಾಗಿ ಕಷ್ಟ.

ಆಫೀಸಿನಲ್ಲಿ ಹಳೆಯದೆಂದು ಬರೆದುಕೊಟ್ಟಿದ್ದರೂ ರಿಟರ್ನ್ಸ್‌ನಲ್ಲಿ ಬದಲಿಸಬಹುದು; ಹೆಚ್ಚು ಕಡಿತವಾದ ಟಿಡಿಎಸ್ ವಾಪಸ್ ಬರುತ್ತದೆ.