ಮ್ಯಾನೇಜರ್ ಮೇಲಿನವರಿಗೆ ಮೇಲ್: ದೂರು ಬೇಡ, ವಿವರ ಬರೆಯಿರಿ

ಪ್ರಶ್ನೆ: ಸಾಫ್ಟ್‌ವೇರ್ ಲೈಸೆನ್ಸ್ ನವೀಕರಣಕ್ಕೆ ನನ್ನ ಮ್ಯಾನೇಜರ್ ಎರಡು ವಾರದಿಂದ ಅಪ್ರೂವಲ್ ಕೊಟ್ಟಿಲ್ಲ. ಅವರ ಮೇಲಿನವರಿಗೆ ಹೀಗೆ ಬರೆದಿದ್ದೇನೆ: "ಸರ್, ಎಷ್ಟು ಸಲ ನೆನಪಿಸಿದರೂ ಅವರು ಗಮನವೇ ಕೊಡುತ್ತಿಲ್ಲ. ಬೇಕಂತಲೇ ತಡ ಮಾಡುತ್ತಿದ್ದಾರೆ. ದಯವಿಟ್ಟು ಏನಾದರೂ ಮಾಡಿ." ಕಳಿಸಲಾ?

ಕಳಿಸಬೇಡಿ. ಇಂಥ ಮೇಲ್ ತೋರಿಸಿ "ಸರಿ ಇದೆಯಾ?" ಅಂತ ಕೇಳುವವರು ಎಷ್ಟೊಂದು ಜನ! ಎಲ್ಲರದ್ದೂ ಒಂದೇ ತಪ್ಪು. ಲೈಸೆನ್ಸ್ ಯಾವತ್ತು ಮುಗಿಯುತ್ತದೆ ಅನ್ನುವುದೇ ಇದರಲ್ಲಿಲ್ಲ. ಇರುವುದೆಲ್ಲ ನಿಮ್ಮ ಮ್ಯಾನೇಜರ್ ಮನಸ್ಸಿನಲ್ಲಿ ಏನಿದೆ ಅನ್ನುವ ಊಹೆ. "ಬೇಕಂತಲೇ" ಅನ್ನುವುದು ನಿಮಗೆ ಹೇಗೆ ಗೊತ್ತು? ಮೊತ್ತ ಅವರ ಸಹಿಯ ಮಿತಿ ದಾಟಿರಬಹುದು. ಕಡತ ಫೈನಾನ್ಸ್‌ನವರ ಹತ್ತಿರ ನಿಂತಿರಬಹುದು. ಮೊದಲು ಸಿಸ್ಟಮ್‌ನಲ್ಲಿ ಕೋರಿಕೆ ಯಾರ ಹೆಸರಿನಲ್ಲಿ ಬಾಕಿ ಇದೆ ನೋಡಿ.

ಅವರ ಹೆಸರಿನಲ್ಲೇ ಇದ್ದರೆ, ಮೇಲ್ ಮಾಡುವ ಹಿಂದಿನ ದಿನ ಅವರಿಗೇ ಹೇಳಿ: "ದಿನ ಹತ್ತಿರ ಬಂತು, ನಾಳೆ ಇದನ್ನು ಮೇಲಿನವರ ಗಮನಕ್ಕೆ ತರುತ್ತೇನೆ, ನಿಮಗೂ ಪ್ರತಿ ಇರುತ್ತದೆ." ಎಷ್ಟೋ ಸಲ ಅಪ್ರೂವಲ್ ಅಲ್ಲೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಹೀಗೆ ಬರೆಯಿರಿ:

> ವಿಷಯ: ಟೆಸ್ಟಿಂಗ್ ಸಾಫ್ಟ್‌ವೇರ್ ಲೈಸೆನ್ಸ್ – 25ರೊಳಗೆ ಒಪ್ಪಿಗೆ ಬೇಕಿದೆ
>
> ಸರ್, ನಮ್ಮ ಟೆಸ್ಟಿಂಗ್ ಸಾಫ್ಟ್‌ವೇರ್ ಲೈಸೆನ್ಸ್ 30ಕ್ಕೆ ಮುಗಿಯುತ್ತದೆ. ಆರ್ಡರ್ ಕೊಟ್ಟ ಮೇಲೆ ಹೊಸ ಕೀ ಬರಲು ಮೂರು ಕೆಲಸದ ದಿನ ಬೇಕೆಂದು ಮಾರಾಟಗಾರರು ತಿಳಿಸಿದ್ದಾರೆ. ಹಾಗಾಗಿ 25ರೊಳಗೆ ಒಪ್ಪಿಗೆ ಬೇಕಿದೆ.
>
> 4ರಂದು ಕೋರಿಕೆ ಸಲ್ಲಿಸಿದೆ. 11 ಮತ್ತು 18ರಂದು ನನ್ನ ಮ್ಯಾನೇಜರ್‌ಗೆ ಮೇಲ್ ಮಾಡಿದೆ. 18ರಂದು ಮಾತಾಡಿದಾಗ, ಬಜೆಟ್ ಪರಿಶೀಲಿಸುತ್ತಿರುವುದಾಗಿ ಹೇಳಿದರು. ಇಂದು, 22ರಂದು, ಕೋರಿಕೆ ಬಾಕಿ ಇದೆ.
>
> 30 ದಾಟಿದರೆ ಆರು ಜನರ ಟೆಸ್ಟಿಂಗ್ ನಿಲ್ಲುತ್ತದೆ. 25ರೊಳಗೆ ತೀರ್ಮಾನ ಸಿಗುವಂತೆ ಮಾಡಬಹುದೇ? ಈ ಸಲ ನವೀಕರಿಸುವುದಿಲ್ಲ ಎಂದಾದರೆ ಅದನ್ನೂ ತಿಳಿಸಿ, ಕೆಲಸವನ್ನು ಬೇರೆ ರೀತಿ ಹಂಚಿಕೊಳ್ಳುತ್ತೇವೆ.

ಇಲ್ಲಿ "ಕೋರಿಕೆ ಬಾಕಿ ಇದೆ" ಅಂತಿದೆ. "ಅವರು ಬಾಕಿ ಇಟ್ಟಿದ್ದಾರೆ" ಅಂತಿಲ್ಲ. ಮೊದಲನೆಯದನ್ನು ಸಿಸ್ಟಮ್ ತೆರೆದು ಯಾರು ಬೇಕಾದರೂ ನೋಡಬಹುದು. ಎರಡನೆಯದು ಆರೋಪ. ಹಾಗೇ "11ರಂದು ನೆನಪಿಸಿದರೂ" ಅಂತ ಬರೆದರೆ ಆ ಒಂದು "ರೂ"ನಲ್ಲೇ ಚುಚ್ಚಿದಂತಾಗುತ್ತದೆ. "11ರಂದು ಮೇಲ್ ಮಾಡಿದೆ" ಅಂದರೆ ಸಾಕು, ಓದುವವರಿಗೆ ಲೆಕ್ಕ ಬರುತ್ತದೆ.

ಮ್ಯಾನೇಜರ್ ಹೇಳಿದ ಬಜೆಟ್ ಮಾತನ್ನೂ ಸೇರಿಸಿರುವುದು ಗಮನಿಸಿ. ಅದನ್ನು ಬಿಟ್ಟರೆ, ಮೇಲಿನವರು ಅವರನ್ನು ಕೇಳಿದ ಕೂಡಲೇ ಆ ಮಾತು ಹೊರಗೆ ಬರುತ್ತದೆ. ಆಮೇಲೆ ನಿಮ್ಮ ತಾರೀಕುಗಳನ್ನೂ ಯಾರೂ ನಂಬುವುದಿಲ್ಲ. ಅವರ ಮಾತನ್ನು ಅವರು ಹೇಳಿದಷ್ಟೇ ಬರೆಯಿರಿ. "ಬಜೆಟ್ ನೆಪ ಹೇಳಿದರು" ಅಂದರೆ ಮತ್ತೆ ಹಳೇ ಕಥೆ.

"ಏನಾದರೂ ಮಾಡಿ" ಅನ್ನುವುದನ್ನಂತೂ ತೆಗೆದೇ ಹಾಕಿ. ಏನು ಮಾಡಬೇಕು? ಮ್ಯಾನೇಜರ್‌ಗೆ ಬೈಯಬೇಕಾ? ಅದೇ ನಿಮ್ಮ ಆಸೆ ಅಂತ ಓದುವವರಿಗೆ ಅನ್ನಿಸಿದರೆ ಲೈಸೆನ್ಸ್ ಮಾತು ಅಲ್ಲಿಗೇ ಮುಗಿಯಿತು. ಒಂದು ತೀರ್ಮಾನ, ಒಂದು ತಾರೀಕು ಕೇಳಿ. "ಇಲ್ಲ" ಅನ್ನುವ ಉತ್ತರಕ್ಕೂ ಜಾಗ ಬಿಡಿ.

ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಮೇಲ್‌ಗಳನ್ನು ದಯವಿಟ್ಟು ಮುಟ್ಟಬೇಡಿ. "ತೀವ್ರ ನೋವಿನಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ" ಅಂತ ಶುರು ಮಾಡಿದರೆ ಲೈಸೆನ್ಸ್ ವಿಷಯ ಯಾರಿಗೂ ಕಾಣುವುದಿಲ್ಲ. ಇದನ್ನು ಹೇಳಿಕೊಡಲು ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ ಅನ್ನುವುದೇ ನನಗೆ ಸಿಟ್ಟು.

ಪ್ರಶ್ನೆ: ಮ್ಯಾನೇಜರ್‌ಗೆ ಗೊತ್ತಾಗದ ಹಾಗೆ ಎಚ್‌ಆರ್‌ ಅವರನ್ನು ಬಿಸಿಸಿಯಲ್ಲಿ ಹಾಕಬಹುದಾ?

ಬೇಡ. ಎಚ್‌ಆರ್‌ನವರು ಮರೆತು "ರಿಪ್ಲೈ ಆಲ್" ಒತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಹಳೇ ಮೇಲ್‌ಗಳನ್ನೆಲ್ಲ ಒಟ್ಟಿಗೆ ಫಾರ್ವರ್ಡ್ ಮಾಡಿದರೆ ಸಾಕಲ್ವಾ?

ಸಾಲದು. ನಿಮ್ಮ ತಾರೀಕುಗಳನ್ನು ಹುಡುಕುವ ಕೆಲಸ ಮೇಲಿನವರದ್ದಲ್ಲ.

ಪ್ರಶ್ನೆ: ಮ್ಯಾನೇಜರ್ ಎಲ್ಲರ ಮುಂದೆ ನನ್ನ ಬಗ್ಗೆ ಅಶ್ಲೀಲವಾಗಿ ಮಾತಾಡುತ್ತಾರೆ. ಅದನ್ನೂ ಹೀಗೇ ಬರೆಯಬೇಕಾ?

ಇಲ್ಲ. ಮೇಲೆ ಹೇಳಿದ್ದು ಕೆಲಸ ನಿಂತಿರುವ ವಿಷಯಕ್ಕೆ ಮಾತ್ರ. ನಿಮ್ಮದು ಕಿರುಕುಳ. ಮ್ಯಾನೇಜರ್‌ಗೆ ಮುಂಚೆ ತಿಳಿಸಬೇಡಿ, ಪ್ರತಿಯನ್ನೂ ಕಳಿಸಬೇಡಿ. ಅವರು ಆಡಿದ ಮಾತನ್ನು ಹಾಗೆಯೇ, ತಾರೀಕು ಮತ್ತು ಅಲ್ಲಿದ್ದವರ ಹೆಸರಿನ ಜೊತೆ ಬರೆದಿಟ್ಟುಕೊಂಡು, ನೇರವಾಗಿ ಸಂಸ್ಥೆಯ ದೂರು ಸಮಿತಿಗೆ ಅಥವಾ ಎಚ್‌ಆರ್‌ಗೆ ಕೊಡಿ.