ಹತ್ತು ತಿಂಗಳು ಎಂಬ ಅಂಕಿ ಮತ್ತು ರಂಗಪ್ಪನವರ ಪ್ರಶ್ನೆ

ಕ್ಯಾನ್ಸರ್ ವಿಭಾಗದ ಆಪ್ತಸಲಹೆಗೆ ಬರುವ ಕುಟುಂಬಗಳು ಈಚೆಗೆ ಕೈಯಲ್ಲಿ ರಿಪೋರ್ಟು, ತಲೆಯಲ್ಲಿ ಒಂದು ಅಂಕಿ ಇಟ್ಟುಕೊಂಡೇ ಬರುತ್ತವೆ. ಮೊಬೈಲಿನಲ್ಲಿ ಸಿಕ್ಕ ಆ ಅಂಕಿ ಬಹಳ ಸಲ ಸರಿಯಾಗಿಯೇ ಇರುತ್ತದೆ, ಓದಿಕೊಂಡ ಬಗೆ ತಪ್ಪಿರುತ್ತದೆ. ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ ಒಬ್ಬ ತಾಯಿ, ‘ಐದು ವರ್ಷ ಬದುಕುಳಿಯುವವರು ನೂರಕ್ಕೆ ತೊಂಬತ್ತು’ ಎಂಬುದನ್ನು ‘ನನಗಿರುವುದು ಐದೇ ವರ್ಷ’ ಎಂದು ಓದಿಕೊಂಡು, ನಾಲ್ಕನೇ ವರ್ಷ ಚೀಟಿ ಕಟ್ಟುವುದನ್ನೇ ನಿಲ್ಲಿಸಿದ್ದರು. ಐದು ವರ್ಷ ಎನ್ನುವುದು ಎಣಿಕೆಗೆ ಗೊತ್ತುಮಾಡಿಕೊಂಡ ಒಂದು ದಿನ, ಅಷ್ಟೇ. ಆ ದಿನ ಎಷ್ಟು ಜನ ಬದುಕಿದ್ದರು ಎಂದು ಅದು ಹೇಳುತ್ತದೆ. ಅವರು ಮುಂದೆ ಎಷ್ಟು ಕಾಲ ಬಾಳಿದರು ಎಂಬ ಸುದ್ದಿ ಅದರಲ್ಲಿಲ್ಲ.

ಇಂಥವು ಮತ್ತೆ ಮತ್ತೆ ಬರುವುದರಿಂದಲೇ ಒಂದು ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ.

ರಂಗಪ್ಪನವರಿಗೆ ಐವತ್ತೇಳು ವರ್ಷ. ತೆಂಗಿನ ತೋಟ ಇದೆ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಮಗ ಓದಿದವನು. ಹುಡುಕಿದಾಗ ‘ಮೀಡಿಯನ್ ಸರ್ವೈವಲ್ ಹತ್ತು ತಿಂಗಳು’ ಎಂದು ಸಿಕ್ಕಿದೆ. ಅವನು ಅದನ್ನು ಕ್ಯಾಲೆಂಡರಿನ ಮೇಲೆ ಇಟ್ಟು ಒಂದು ತಿಂಗಳನ್ನು ಗೊತ್ತುಮಾಡಿಬಿಟ್ಟಿದ್ದ. ಮುಂದಿನ ವರ್ಷ ಎಂದುಕೊಂಡಿದ್ದ ತಂಗಿಯ ಮದುವೆಯನ್ನು ಎರಡು ತಿಂಗಳೊಳಗೆ ಮುಗಿಸುವ ಮಾತು ನಡೆದಿತ್ತು. ತಂದೆಯವರೋ, ಒಡೆದ ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡು ಕೂತಿದ್ದರು. ಹೊಸದು ಯಾಕೆ ಮಾಡಿಸಲಿಲ್ಲ ಎಂದರೆ, “ಹತ್ತು ತಿಂಗಳಿಗೆ ಯಾಕೆ ಮೇಡಂ ದುಡ್ಡು ದಂಡ” ಎಂದರು. ಡಾಕ್ಟರು ಬರೆದ ಮಾತ್ರೆಯನ್ನು ಶುರುಮಾಡದೆ ಇರುವುದಕ್ಕೂ ಅವರ ಕಾರಣ ಇದೇ ಆಗಿತ್ತು.

ಮೊದಲ ಭೇಟಿಯಲ್ಲಿ ಹೆಚ್ಚೇನೂ ಆಗಲಿಲ್ಲ. ಎರಡನೆಯದರಲ್ಲಿ ಆ ಮೀಡಿಯನ್, ಅಂದರೆ ಮಧ್ಯಾಂಕ, ಎಂದರೇನು ಎಂದು ಮಗನಿಗೆ ವಿವರಿಸುತ್ತಿದ್ದೆ: ಇಂಥದೇ ಕಾಯಿಲೆಯವರಲ್ಲಿ ಅರ್ಧ ಜನ ಹತ್ತು ತಿಂಗಳೊಳಗೆ ತೀರಿಕೊಂಡಿದ್ದರು, ಉಳಿದರ್ಧ ಜನ ಹತ್ತು ತಿಂಗಳು ದಾಟಿದ್ದರು. ಅಲ್ಲಿಯವರೆಗೆ ಕಿಟಕಿಯ ಕಡೆ ನೋಡುತ್ತಿದ್ದ ರಂಗಪ್ಪನವರು ತಿರುಗಿ ಕೇಳಿದರು:

“ಹಂಗಾದ್ರೆ ಆ ಇನ್ನರ್ಧ ಜನ ಎಷ್ಟು ದಿನ ಇದ್ರು?”

ಕೇಳಬೇಕಾದ ಪ್ರಶ್ನೆ ಇದೇ. ಮಧ್ಯಾಂಕ ಇದಕ್ಕೆ ಉತ್ತರ ಕೊಡುವುದಿಲ್ಲ. ರಿಪೋರ್ಟಿನ ಕವರಿನ ಹಿಂದೆ ಹನ್ನೊಂದು ಜನರ ಸಾಲು ಬರೆದೆ. ಇವು ತಿಳಿಯಲಿ ಎಂದು ನಾನೇ ಹಾಕಿಕೊಂಡ ತಿಂಗಳುಗಳು ಎಂದು ಮೊದಲೇ ಹೇಳಿದೆ: 2, 4, 5, 7, 8, 10, 13, 17, 20, 28, 36. ನಡುವೆ ನಿಂತ ಆರನೆಯವರದು ಹತ್ತು, ಅದೇ ಮಧ್ಯಾಂಕ. ಕೊನೆಯವರು ಮೂವತ್ತಾರರ ಬದಲು ನೂರು ತಿಂಗಳು ಇದ್ದರೂ ಆ ಹತ್ತು ಹತ್ತಾಗಿಯೇ ಇರುತ್ತದೆ. ಎಡಗಡೆ ಸಾವು ಸೊನ್ನೆಗಿಂತ ಹಿಂದೆ ಹೋಗಲಾರದು. ಬಲಗಡೆ ಸಾಲು ಬಹಳ ದೂರ ಚಾಚಬಹುದು. ನಿಜವಾದ ಅಧ್ಯಯನಗಳಲ್ಲಿ ಆ ಬಲತುದಿಯ ಕೆಲವರು ಲೆಕ್ಕ ಮುಗಿಸಿದ ದಿನವೂ ಬದುಕೇ ಇರುತ್ತಾರೆ, ಅವರ ಪೂರ್ತಿ ಆಯಸ್ಸು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಮಗ ಕೇಳಿದ, “ಹತ್ತು ತಿಂಗಳು ದಾಟಿದ ಮೇಲೆ?” ಮೊದಲ ಆರು ಅಂಕಿಗಳ ಮೇಲೆ ಕೈ ಮುಚ್ಚಿದೆ. ಉಳಿದದ್ದು ಐದು ಜನ. ಅವರ ನಡುವಿನ ಅಂಕಿ ಇಪ್ಪತ್ತು. ಅಂದರೆ ಹತ್ತನ್ನು ದಾಟಿದವರಿಗೆ ಹತ್ತು ಎಂಬ ಅಂಕಿ ಅನ್ವಯಿಸುವುದೇ ಇಲ್ಲ, ಅವರ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಕ್ಯಾಲೆಂಡರಿನಲ್ಲಿ ಗುರುತು ಮಾಡಿದ ತಿಂಗಳು ಬಂದಾಗ ಏನೋ ಆಗಿಯೇ ತೀರುತ್ತದೆ ಎಂಬ ಭಯಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಆದರೆ ಅದೇ ಸಾಲಿನ ಎಡಗಡೆಯನ್ನೂ ತೋರಿಸಿದೆ. ಎರಡು, ನಾಲ್ಕು, ಐದು ತಿಂಗಳಿನವರೂ ಅಲ್ಲಿದ್ದಾರೆ. ಮುಂದುವರಿದ ಕ್ಯಾನ್ಸರುಗಳ ಅಧ್ಯಯನಗಳಲ್ಲಿ ಸ್ಥೂಲವಾಗಿ ಅರ್ಧದಷ್ಟು ಜನ ಮಧ್ಯಾಂಕದ ಅರ್ಧದಿಂದ ಎರಡರಷ್ಟರ ನಡುವೆ ಬರುತ್ತಾರೆ. ಹತ್ತಕ್ಕೆ ಐದರಿಂದ ಇಪ್ಪತ್ತು ಎಂದಾಯಿತು. ಹತ್ತು ಜನರಲ್ಲಿ ಸುಮಾರು ಒಬ್ಬರು ಮಧ್ಯಾಂಕದ ಮೂರರಷ್ಟನ್ನೂ ದಾಟುತ್ತಾರೆ, ಸುಮಾರು ಒಬ್ಬರು ಅದರ ಕಾಲುಭಾಗವನ್ನೂ ಮುಟ್ಟುವುದಿಲ್ಲ. ಒಂದು ತಿಂಗಳನ್ನು ಹೇಳುವುದಕ್ಕಿಂತ ಈ ಹರವನ್ನು ಹೇಳುವುದೇ ಪ್ರಾಮಾಣಿಕ ಎಂಬುದು ನನ್ನ ನಂಬಿಕೆ. ಸಹೋದ್ಯೋಗಿಯೊಬ್ಬರು “ಇಲ್ಲದ ಆಸೆ ಹುಟ್ಟಿಸುತ್ತೀರಿ” ಎಂದು ಆಕ್ಷೇಪಿಸಿದ್ದುಂಟು. ನಾನು ಒಪ್ಪುವುದಿಲ್ಲ. ಬಲಗಡೆಯನ್ನು ಮಾತ್ರ ತೋರಿಸಿದ್ದರೆ ಆ ಮಾತು ನಿಜವಾಗುತ್ತಿತ್ತು. ಹತ್ತು ಎಂಬುದನ್ನು ಮಾತ್ರ ಹೇಳಿ ಸುಮ್ಮನಾಗುವುದು ಇಲ್ಲದ ನಿರಾಸೆ ಹುಟ್ಟಿಸುತ್ತದೆ, ಅದೂ ಅಷ್ಟೇ ಸುಳ್ಳು.

ಇನ್ನೊಂದು ವಿಷಯ ಬಾಕಿ ಇತ್ತು. ಆ ಹತ್ತು ತಿಂಗಳು ಯಾರ ಸಾಲಿನದು? ಮಗನ ಮೊಬೈಲಿನಲ್ಲಿದ್ದ ಪುಟ ಹಳೆಯದು, ಅದರಲ್ಲಿದ್ದವರು ಕೀಮೋಥೆರಪಿ ಮಾತ್ರ ಪಡೆದವರು. ರಂಗಪ್ಪನವರ ರಿಪೋರ್ಟಿನಲ್ಲಿ ‘ಇಜಿಎಫ್ಆರ್ ಮ್ಯುಟೇಷನ್ ಪಾಸಿಟಿವ್’ ಎಂದಿತ್ತು. ಇದು ಕ್ಯಾನ್ಸರ್ ಕೋಶದ ಒಂದು ಜೀನಿನಲ್ಲಾಗುವ ಬದಲಾವಣೆ. ಧೂಮಪಾನ ಮಾಡದವರಲ್ಲಿ ಹೆಚ್ಚಾಗಿ ಕಾಣುವ ಈ ಬದಲಾವಣೆ ಇದ್ದರೆ ಅದನ್ನೇ ಗುರಿ ಮಾಡುವ ಮಾತ್ರೆಗಳಿವೆ. 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಜೆಫಿಟಿನಿಬ್ ಅಥವಾ ಎರ್ಲೋಟಿನಿಬ್ ಪಡೆದವರ ಮಧ್ಯಾಂಕ ಸುಮಾರು 32 ತಿಂಗಳು, ಒಸಿಮೆರ್ಟಿನಿಬ್ ಪಡೆದವರದು ಸುಮಾರು 39. ರಂಗಪ್ಪನವರು ಶುರುಮಾಡದೆ ಬಿಟ್ಟಿದ್ದು ಜೆಫಿಟಿನಿಬ್. ಮಾತ್ರೆ ಇಲ್ಲದ ಕಾಲದ ಅಂಕಿ ನೋಡಿ ಅವರು ಮಾತ್ರೆಯನ್ನೇ ಬಿಟ್ಟಿದ್ದರು!

ಐದು ವರ್ಷದ ಅಂಕಿಗಂತೂ ಈ ಹಳತು ಅಂಟಿಕೊಂಡೇ ಇರುತ್ತದೆ. ಇವತ್ತು ಅದು ನಮ್ಮ ಕೈಗೆ ಬರಬೇಕಾದರೆ ಕನಿಷ್ಠ ಐದು ವರ್ಷದ ಹಿಂದೆ ಕಾಯಿಲೆ ಪತ್ತೆಯಾದವರೂ ಅದರಲ್ಲಿರಬೇಕು, ಅವರಿಗೆ ಸಿಕ್ಕಿದ್ದು ಆಗಿನ ಚಿಕಿತ್ಸೆ.

ಮಗ ತಕ್ಷಣ ಹತ್ತನ್ನು ಅಳಿಸಿ ಮೂವತ್ತೆರಡನ್ನು ಬರೆದುಕೊಳ್ಳಲು ಹೊರಟ. ಅಲ್ಲೂ ತಡೆದೆ. ಪ್ರಯೋಗಗಳಿಗೆ ಸೇರಿಸಿಕೊಳ್ಳುವುದು ಓಡಾಡಿಕೊಂಡಿರುವ, ಬೇರೆ ದೊಡ್ಡ ಕಾಯಿಲೆ ಇಲ್ಲದವರನ್ನೇ ಹೆಚ್ಚಾಗಿ. ರಂಗಪ್ಪನವರಿಗೆ ಸಕ್ಕರೆ ಕಾಯಿಲೆಯೂ ಇತ್ತು, ತೂಕವೂ ಇಳಿದಿತ್ತು. ಮೂವತ್ತೆರಡಕ್ಕೂ ಎಡಗಡೆ, ಬಲಗಡೆ ಇದ್ದೇ ಇವೆ. ಮಾತ್ರೆ ಶುರುವಾಗಿ ಎರಡು ಮೂರು ತಿಂಗಳಿಗೆ ಮಾಡುವ ಮೊದಲ ಸ್ಕ್ಯಾನು, ಅವರ ಮಟ್ಟಿಗೆ, ಈ ಎರಡೂ ಅಂಕಿಗಳಿಗಿಂತ ಹೆಚ್ಚು ಹೇಳುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರ ಎದುರು ಕೂತು ತೀರ್ಮಾನಿಸಿ. ಅವರನ್ನು “ಎಷ್ಟು ದಿನ” ಎಂದು ಕೇಳಬೇಡಿ. “ನನ್ನಂಥ ರಿಪೋರ್ಟು ಇರುವವರಲ್ಲಿ ಕಡಿಮೆ ಎಂದರೆ ಎಷ್ಟು, ಸಾಮಾನ್ಯವಾಗಿ ಎಷ್ಟರಿಂದ ಎಷ್ಟು, ಹೆಚ್ಚೆಂದರೆ ಎಷ್ಟು” ಎಂದು ಕೇಳಿ. ಬ್ಯಾಂಕಿನ ನಾಮಿನಿ, ತೋಟದ ಪತ್ರ, ಉಯಿಲು ಇವನ್ನು ಈ ತಿಂಗಳೇ ಮಾಡಿಮುಗಿಸಿ, ಎಡಗಡೆಯವರಲ್ಲಿ ನಾವಿದ್ದರೂ ಮನೆಯವರಿಗೆ ತೊಂದರೆಯಾಗಬಾರದು. ಮದುವೆಯ ತಾರೀಖನ್ನು ಮೊದಲ ಸ್ಕ್ಯಾನು ನೋಡಿ ಗೊತ್ತುಮಾಡಿ. ಕನ್ನಡಕ ಮಾತ್ರ ನಾಳೆಯೇ ಮಾಡಿಸಿ.

ಉಯಿಲಿನ ಮಾತೆತ್ತಿದ್ದಕ್ಕೆ ಮಗನಿಗೆ ಸಿಟ್ಟು ಬಂತು. “ಒಂದು ಕಡೆ ಧೈರ್ಯ ಹೇಳ್ತೀರಿ, ಇನ್ನೊಂದು ಕಡೆ ಇದು” ಎಂದ. ಅವನಿಗೆ ಉತ್ತರ ಕೊಟ್ಟಿದ್ದು ತಂದೆ: “ಎರಡೂ ಒಂದೇ ಸಾಲಿನಾಗೆ ಅವೆ ಕಣಪ್ಪ, ಈಗ ತಾನೇ ಬರೆದು ತೋರಿಸಿದ್ರಲ್ಲ.”

ಅವರು ಮುಂದಿನ ವಾರ ಡಾಕ್ಟರನ್ನು ಕಂಡು ಮಾತ್ರೆ ಶುರುಮಾಡಿದರು. ಮೊದಲ ಸ್ಕ್ಯಾನಿನಲ್ಲಿ ಗೆಡ್ಡೆ ಕುಗ್ಗಿತ್ತು, ಮದುವೆ ಮೊದಲು ಅಂದುಕೊಂಡ ವರ್ಷಕ್ಕೇ ಗೊತ್ತಾಯಿತು. ಆಮೇಲೆ ಎಷ್ಟು ಕಾಲ ಎಂಬುದನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಇದೇ ಕಾಯಿಲೆಯ ಇನ್ನೊಂದು ಮನೆಯವರು ಅದನ್ನೂ ಕ್ಯಾಲೆಂಡರಿನ ಮೇಲೆ ಇಟ್ಟು ಎಣಿಸಲು ಕೂರುತ್ತಾರೆ.